ಸೋಂಕು ಗಂಟಲಿಗೆ, ಪೆಟ್ಟು ಹೃದಯಕ್ಕೆ

ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಗಂಟಲು ನೋವು ಬರುತ್ತದೆ. ಜೊತೆಗೆ ಜ್ವರ, ಎಂಜಲು ನುಂಗಲೂ ಕಷ್ಟ. ಮನೆಯವರು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವಂತೆ ಹೇಳುತ್ತಾರೆ, ಜ್ವರದ ಮಾತ್ರೆ ಕೊಡುತ್ತಾರೆ. ನಾಲ್ಕೈದು ದಿನದಲ್ಲಿ ಎಲ್ಲ ಸರಿಹೋಗಿ ಅವಳು ಶಾಲೆಗೆ ಹೊರಡುತ್ತಾಳೆ. ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಜ್ವರ ಕಾಣಿಸಿಕೊಳ್ಳುತ್ತದೆ. ಈ ಸಲ ಮೊಣಕಾಲು ಊದಿಕೊಂಡು, ಮುಟ್ಟಿದರೆ ಚೀರುವಷ್ಟು ನೋವು. ಎರಡು ದಿನದಲ್ಲಿ ಅದು ಇಳಿಯುತ್ತದೆ, ಆದರೆ ಅಷ್ಟರಲ್ಲಿ ಇನ್ನೊಂದು ಕಾಲಿನ ಮಂಡಿ ಹಿಡಿದುಕೊಂಡಿರುತ್ತದೆ, ಆಮೇಲೆ ಮೊಣಕೈ. ಎದೆಗೆ ಸ್ಟೆತಸ್ಕೋಪ್ ಇಟ್ಟ ವೈದ್ಯರಿಗೆ ಹೃದಯದ ಬಡಿತದ ನಡುವೆ ಮೊದಲಿಲ್ಲದ ಒಂದು ಮರ್ಮರ ಸದ್ದು ಕೇಳಿಸುತ್ತದೆ.

ಇದು ರುಮ್ಯಾಟಿಕ್ ಜ್ವರದ ಸಾಮಾನ್ಯ ಚಿತ್ರ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲುಗಳು ಪೂರ್ತಿ ಗುಣವಾಗುತ್ತವೆ. ಆದರೆ ಹೃದಯದ ಕವಾಟಕ್ಕೆ ಆದ ಗಾಯ ಉಳಿದುಬಿಡಬಹುದು. ನಮ್ಮ ದೇಶದ ಹೃದ್ರೋಗ ಆಸ್ಪತ್ರೆಗಳಲ್ಲಿ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸಿಕೊಳ್ಳಲು ಬರುವ ಎಷ್ಟೋ ಯುವತಿಯರ ಕಾಯಿಲೆ ಶುರುವಾದದ್ದು ಇಂಥ ಒಂದು ಗಂಟಲು ನೋವಿನಿಂದಲೇ.

ಇಲ್ಲಿ ವಿಚಿತ್ರವೆನಿಸುವ ಸಂಗತಿಯೊಂದಿದೆ. ಕೀಲು ಊದುವ ಹೊತ್ತಿಗೆ ಗಂಟಲಿನಿಂದ ತೆಗೆದ ದ್ರವದಲ್ಲಿ ಅನೇಕ ಸಲ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಕವಾಟವನ್ನು ಪರೀಕ್ಷಿಸಿದರೆ ಅಲ್ಲೂ ಬ್ಯಾಕ್ಟೀರಿಯಾ ಇರುವುದಿಲ್ಲ. ಹಾಗಾದರೆ ಹೃದಯವನ್ನು ಘಾಸಿಗೊಳಿಸುತ್ತಿರುವುದು ಯಾವುದು? ಆ ಹುಡುಗಿಯ ರೋಗನಿರೋಧಕ ವ್ಯವಸ್ಥೆಯೇ.

ಒಂದರಂತೆ ಕಾಣುವ ಇನ್ನೊಂದು

ಈ ಗಂಟಲು ನೋವಿಗೆ ಕಾರಣ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದರ ಮೈಮೇಲೆ ಕೂದಲಿನಂತೆ ಎದ್ದು ನಿಂತ ಎಂ ಪ್ರೋಟೀನ್ ಇರುತ್ತದೆ. ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಹುರಿಹಗ್ಗದ ಹಾಗೆ ಆಗಿರುವುದು ಅದರ ರಚನೆ. ನಮ್ಮ ಹೃದಯದ ಸ್ನಾಯುವನ್ನು ಕುಗ್ಗಿಸುವ ಮಯೋಸಿನ್ ಎಂಬ ಪ್ರೋಟೀನಿನ ಬಾಲವೂ ಇದೇ ರೀತಿ ಹೊಸೆದುಕೊಂಡದ್ದು. ಎರಡರಲ್ಲೂ ಅಮೈನೊ ಆಮ್ಲಗಳ ಜೋಡಣೆ ಅಲ್ಲಲ್ಲಿ ಹೋಲುತ್ತದೆ. ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿರುವ ಎನ್-ಅಸಿಟೈಲ್ ಗ್ಲುಕೋಸಮೈನ್ ಎಂಬ ಸಕ್ಕರೆಯ ಅಂಶವನ್ನು ಹಿಡಿಯುವ ಪ್ರತಿಕಾಯಗಳಲ್ಲಿ ಕೆಲವು ಮಯೋಸಿನ್ನನ್ನೂ ಹಿಡಿಯುತ್ತವೆ. ಕವಾಟದ ಒಳಪದರದ ಕೆಳಗಿರುವ ಲ್ಯಾಮಿನಿನ್ ಎಂಬ ಪ್ರೋಟೀನನ್ನೂ ಹಿಡಿಯುತ್ತವೆ. ರೋಗಾಣುವಿನ ಅಂಶ ನಮ್ಮದೇ ದೇಹದ ಅಂಶವನ್ನು ಹೋಲುವ ಈ ಸ್ಥಿತಿಗೆ ಅಣು ಅನುಕರಣೆ ಎಂದು ಹೆಸರು.

1960ರ ದಶಕದ ಆರಂಭದಲ್ಲಿ ಅಮೆರಿಕದ ಮೆಲ್ವಿನ್ ಕ್ಯಾಪ್ಲನ್ ಸ್ಟ್ರೆಪ್ಟೊಕಾಕಸ್ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮನುಷ್ಯನ ಹೃದಯದ ಅಂಗಾಂಶಕ್ಕೂ ಅಂಟಿಕೊಳ್ಳುವುದನ್ನು ತೋರಿಸಿದರು. ಅಲ್ಲಿಂದ ಈ ವಿಚಾರಕ್ಕೆ ಬಲ ಬಂತು. ಮುಂದೆ ಸಿಕ್ಕ ಒಂದು ಸುಳಿವು ಇನ್ನೂ ಸ್ವಾರಸ್ಯಕರ. ಸ್ಟ್ರೆಪ್ಟೊಕಾಕಸ್‌ನ ಸಕ್ಕರೆಯ ವಿರುದ್ಧದ ಪ್ರತಿಕಾಯಗಳು ಸಾಮಾನ್ಯ ರೋಗಿಗಳಲ್ಲಿ ಕೆಲವು ತಿಂಗಳಲ್ಲಿ ಇಳಿಯುತ್ತವೆ. ಕವಾಟಕ್ಕೆ ಏಟು ಬಿದ್ದವರಲ್ಲಿ ಅವು ಬಹುಕಾಲ ಹಾಗೇ ಉಳಿಯುತ್ತವೆ. ಹಾಳಾದ ಕವಾಟವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೆ ಅವು ಕಡಿಮೆಯಾದದ್ದು ಕಂಡುಬಂತು. ಬ್ಯಾಕ್ಟೀರಿಯಾ ಹೋದ ನಂತರವೂ ಕವಾಟವೇ ಆ ಪ್ರತಿಕಾಯಗಳನ್ನು ಕೆರಳಿಸುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಎಲ್ಲರಿಗೂ ಏಕೆ ಬರುವುದಿಲ್ಲ?

ಹೋಲಿಕೆ ಒಂದೇ ಸಾಕಾಗಿದ್ದರೆ ಈ ಗಂಟಲು ನೋವು ಬಂದ ಪ್ರತಿ ಮಗುವಿಗೂ ಹೃದ್ರೋಗ ಬರಬೇಕಿತ್ತು. ಹಾಗಾಗುವುದಿಲ್ಲ. ಸೇನಾ ಶಿಬಿರಗಳಲ್ಲಿ ಸೋಂಕು ಜೋರಾಗಿ ಹಬ್ಬಿದ್ದ ಕಾಲದಲ್ಲೂ ಚಿಕಿತ್ಸೆ ಸಿಗದವರ ಪೈಕಿ ರುಮ್ಯಾಟಿಕ್ ಜ್ವರ ಬಂದದ್ದು ನೂರಕ್ಕೆ ಸುಮಾರು 3 ಮಂದಿಗೆ. ಉಳಿದ 97 ಜನರ ದೇಹವೂ ಅದೇ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡಿತ್ತು. ಅವರ ಹೃದಯವನ್ನು ಕಾಪಾಡಿದ್ದು ಏನು?

ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ದೇಹದ ಸ್ವಂತ ಪ್ರೋಟೀನುಗಳ ತುಣುಕುಗಳನ್ನು ಅಲ್ಲಿ ಅವುಗಳಿಗೆ ತೋರಿಸಲಾಗುತ್ತದೆ. ಅವುಗಳಿಗೆ ಬಲವಾಗಿ ಅಂಟಿಕೊಂಡ ಕೋಶ ಅಲ್ಲೇ ಸಾಯುತ್ತದೆ. ಆದರೆ ಈ ಸೋಸುವಿಕೆಯಲ್ಲಿ ಎಲ್ಲವೂ ಸಿಕ್ಕಿಬೀಳುವುದಿಲ್ಲ. ಹೃದಯದ ಆಲ್ಫಾ ಮಯೋಸಿನ್ ಅಂತೂ ಥೈಮಸ್‌ನ ಆ ಕೋಶಗಳಲ್ಲಿ ತಯಾರಾಗುವುದೇ ಇಲ್ಲ ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ತೋರಿಸದೇ ಇದ್ದುದನ್ನು ಗುರುತಿಸುವ ಕೋಶವನ್ನು ತೆಗೆದುಹಾಕುವುದು ಹೇಗೆ? ಆದ್ದರಿಂದ ಹೃದಯದ ಮಯೋಸಿನ್ ಮೇಲೆ ಬೀಳಬಲ್ಲ ಟಿ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ಓಡಾಡಿಕೊಂಡಿರುತ್ತವೆ.

ಥೈಮಸ್ ದಾಟಿ ಬಂದ ಇಂಥ ಕೋಶಗಳನ್ನು ಹೊರಗೆ ಹದ್ದುಬಸ್ತಿನಲ್ಲಿಡುವ ಏರ್ಪಾಡಿಗೆ ಪರಿಧಿಯ ಸಹಿಷ್ಣುತೆ ಎನ್ನಬಹುದು. ಅದರಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಎರಡು ಸಂಕೇತಗಳ ನಿಯಮ. ಟಿ ಕೋಶಕ್ಕೆ ತನ್ನ ಗುರಿ ಕಂಡರಷ್ಟೇ ಸಾಲದು. ಅದನ್ನು ತೋರಿಸುತ್ತಿರುವ ಕೋಶ ‘ಇಲ್ಲಿ ಅಪಾಯವಿದೆ’ ಎಂಬ ಎರಡನೇ ಸಂಕೇತವನ್ನೂ ಕೊಡಬೇಕು. ಶಾಂತವಾಗಿರುವ ಅಂಗಾಂಶದಲ್ಲಿ ಈ ಎರಡನೇ ಸಂಕೇತ ಇರುವುದಿಲ್ಲ. ಮೊದಲನೆಯದು ಮಾತ್ರ ಸಿಕ್ಕ ಟಿ ಕೋಶ ಕೆರಳುವ ಬದಲು ಜಡವಾಗುತ್ತದೆ, ಮುಂದೆಯೂ ಸುಮ್ಮನಿರುತ್ತದೆ.

ಎರಡನೆಯದು ನಿಯಂತ್ರಕ ಟಿ ಕೋಶಗಳು. ಬೇರೆ ಟಿ ಕೋಶಗಳನ್ನು ತಡೆಯುವುದೇ ಇವುಗಳ ಕೆಲಸ. ಇವು ಆ ಎರಡನೇ ಸಂಕೇತವನ್ನು ಮುಚ್ಚಿಹಾಕುತ್ತವೆ, ಉರಿಯೂತವನ್ನು ಇಳಿಸುವ ರಾಸಾಯನಿಕಗಳನ್ನು ಸುರಿಸುತ್ತವೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ಜೀನನ್ನು ಪತ್ತೆ ಮಾಡಿದರು. ಈ ಕೋಶಗಳು ರೂಪುಗೊಳ್ಳಲು ಅದೇ ಬೇಕು ಎಂಬುದು ಮುಂದೆ ಸ್ಪಷ್ಟವಾಯಿತು. ಆ ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಲ್ಲಿ ಕರುಳು, ಚರ್ಮ, ಮೇದೋಜೀರಕ ಗ್ರಂಥಿ ಎಲ್ಲದರ ಮೇಲೂ ಸ್ವಂತ ದೇಹವೇ ದಾಳಿ ಮಾಡುತ್ತದೆ. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಬಂದದ್ದು ಇದೇ ಕೆಲಸಕ್ಕೆ.

ತಡೆ ಮುರಿಯುವ ಬಗೆ

ಈಗ ಆ ಹುಡುಗಿಯ ಗಂಟಲಿಗೆ ಮರಳೋಣ. ಸೋಂಕು ತಗಲಿದ ಟಾನ್ಸಿಲ್‌ನಲ್ಲಿ ಅಪಾಯದ ಸಂಕೇತಕ್ಕೆ ಕೊರತೆಯಿಲ್ಲ. ಬ್ಯಾಕ್ಟೀರಿಯಾದ ಅಂಶಗಳು ತಗಲಿದೊಡನೆ ಅಲ್ಲಿನ ಕೋಶಗಳು ಎರಡನೇ ಸಂಕೇತವನ್ನು ಹೊತ್ತು ನಿಲ್ಲುತ್ತವೆ. ಎಂ ಪ್ರೋಟೀನಿನ ತುಣುಕನ್ನು ಆ ಸಂಕೇತದ ಜೊತೆ ನೋಡಿದ ಟಿ ಕೋಶ ಕೆರಳಿ ಸಾವಿರಾರಾಗಿ ಬೆಳೆಯುತ್ತದೆ. ಅದೇ ಟಿ ಕೋಶ ಮಯೋಸಿನ್ನಿನ ತುಣುಕನ್ನೂ ಹೋಲಿಕೆಯಿಂದ ಗುರುತಿಸುವಂತಿದ್ದರೆ, ಜಡವಾಗಿ ಉಳಿಯಬೇಕಿದ್ದದ್ದು ಈಗ ಸಜ್ಜಾದ ಸೈನಿಕ. ಹೋಲಿಕೆ ಮಾಡುವ ನಿಜವಾದ ಹಾನಿ ಇದು: ದೇಹದ ಅಂಶಕ್ಕೆ ಎಂದೂ ಸಿಗದ ಎರಡನೇ ಸಂಕೇತವನ್ನು ಬ್ಯಾಕ್ಟೀರಿಯಾದ ಹೆಸರಿನಲ್ಲಿ ಕೊಡಿಸಿಬಿಡುತ್ತದೆ.

ಯಾವ ತುಣುಕನ್ನು ಟಿ ಕೋಶಕ್ಕೆ ತೋರಿಸಲಾಗುತ್ತದೆ ಎಂಬುದನ್ನು ಎಚ್‌ಎಲ್‌ಎ ಎಂಬ ಜೀನುಗಳು ತೀರ್ಮಾನಿಸುತ್ತವೆ. ಅವು ಮನೆತನದಿಂದ ಬರುತ್ತವೆ. ಅಪಾಯ ಕೆಲವರಿಗೇ ಹೆಚ್ಚಿರಲು ಇದೊಂದು ಕಾರಣ. ರುಮ್ಯಾಟಿಕ್ ಹೃದ್ರೋಗವಿರುವವರ ರಕ್ತದಲ್ಲಿ ನಿಯಂತ್ರಕ ಟಿ ಕೋಶಗಳು ಕಡಿಮೆ ಇದ್ದುದನ್ನೂ ಕೆಲವು ಅಧ್ಯಯನಗಳು ಕಂಡಿವೆ.

ಹೃದಯದಲ್ಲಿ ದಾಳಿ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ಆರೋಗ್ಯವಂತ ಕವಾಟದ ಹಾಳೆಯಲ್ಲಿ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಟಿ ಕೋಶಗಳಿಗೆ ಒಳಗೆ ಹೋಗಲು ದಾರಿಯಿಲ್ಲ. ಮೊದಲು ಪ್ರತಿಕಾಯಗಳು ಕವಾಟದ ಮೇಲ್ಮೈಗೆ ಅಂಟುತ್ತವೆ. ಅದರಿಂದ ಕೆರಳಿದ ಮೇಲ್ಮೈ ಕೋಶಗಳು ವಿಕ್ಯಾಮ್-1 ಎಂಬ ಅಂಟು ಅಣುವನ್ನು ಹೊರಚಾಚುತ್ತವೆ. ಹರಿಯುವ ರಕ್ತದಲ್ಲಿರುವ ಟಿ ಕೋಶಗಳು ಅದಕ್ಕೆ ಸಿಕ್ಕಿಕೊಂಡು ಒಳಗೆ ನುಸುಳುತ್ತವೆ. ಅಲ್ಲಿ ಉರಿಯೂತ ಹಬ್ಬುತ್ತದೆ, ಕವಾಟದ ಒಳಗಿನ ಪ್ರೋಟೀನುಗಳು ಹೊರಬಿದ್ದು ಹೊಸ ಗುರಿಗಳಾಗುತ್ತವೆ, ಗಾಯ ಮಾಯುವಾಗ ಹೊಸ ರಕ್ತನಾಳಗಳು ಹುಟ್ಟುತ್ತವೆ. ಮುಂದಿನ ಸೋಂಕು ಬಂದಾಗ ದಾರಿ ಆಗಲೇ ತೆರೆದಿರುತ್ತದೆ. ಹೀಗೆ ಸಲಸಲಕ್ಕೂ ಕವಾಟ ದಪ್ಪವಾಗಿ, ಅಂಚುಗಳು ಒಂದಕ್ಕೊಂದು ಬೆಸೆದು ಕಿರಿದಾಗುತ್ತದೆ. ಹೆಚ್ಚಾಗಿ ಬಲಿಯಾಗುವುದು ಎಡಭಾಗದ ಮೈಟ್ರಲ್ ಕವಾಟ.

ಹೋಲಿಕೆಯ ವಿವರಣೆ ಎಲ್ಲರಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಮಯೋಸಿನ್ ಇರುವುದು ಸ್ನಾಯುಕೋಶದ ಒಳಗೆ. ಕವಾಟದಲ್ಲಿ ಅದು ಇಲ್ಲ. ಎಂ ಪ್ರೋಟೀನ್ ನೇರವಾಗಿ ಕವಾಟದ ಕೊಲ್ಯಾಜೆನ್‌ಗೆ ಅಂಟಿಕೊಂಡು ಅದರ ರೂಪವನ್ನೇ ಕೆಡಿಸುತ್ತದೆ, ದೇಹ ಅದನ್ನು ಪರಕೀಯವೆಂದು ಭಾವಿಸುತ್ತದೆ ಎನ್ನುವವರೂ ಇದ್ದಾರೆ. ಎರಡೂ ನಡೆಯುತ್ತಿರಬಹುದು.

ಸರಪಳಿಯನ್ನು ಎಲ್ಲಿ ಕಡಿಯಬೇಕು

ಮುರಿದ ಸಹಿಷ್ಣುತೆಯನ್ನು ಕೂಡಿಸುವ ಔಷಧಿ ಈ ಕಾಯಿಲೆಗೆ ಇನ್ನೂ ಬಂದಿಲ್ಲ. ಆಸ್ಪಿರಿನ್‌ನಿಂದ ಕೀಲು ನೋವು ಬೇಗ ಇಳಿಯುತ್ತದೆ, ಕವಾಟಕ್ಕೆ ಅದರಿಂದ ರಕ್ಷಣೆಯಿಲ್ಲ. ಲಸಿಕೆಯ ದಾರಿಯೂ ಕಷ್ಟದ್ದು. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಎಂ ಪ್ರೋಟೀನಿನ ಲಸಿಕೆ ಪಡೆದ 21 ಮಕ್ಕಳಲ್ಲಿ ಇಬ್ಬರಿಗೆ ಖಚಿತವಾಗಿ, ಇನ್ನೊಬ್ಬರಿಗೆ ಬಹುತೇಕ ರುಮ್ಯಾಟಿಕ್ ಜ್ವರ ಬಂದಿತ್ತು. ಆ ಮಕ್ಕಳೆಲ್ಲ ಈ ಜ್ವರ ಬಂದವರ ಒಡಹುಟ್ಟಿದವರು. ಲಸಿಕೆಯೇ ಕಾರಣವೋ ಅಲ್ಲವೋ, ಹೋಲಿಕೆಯ ಭಯ ಗಟ್ಟಿಯಾಯಿತು. 1979ರಿಂದ ಸುಮಾರು ಕಾಲು ಶತಮಾನ ಅಲ್ಲಿ ಇಂಥ ಲಸಿಕೆಗಳಿಗೆ ನಿಷೇಧವಿತ್ತು.

ಹಾಗಾಗಿ ಸದ್ಯಕ್ಕೆ ಕೈಯಲ್ಲಿರುವುದು ಬ್ಯಾಕ್ಟೀರಿಯಾವನ್ನೇ ದೂರವಿಡುವ ಉಪಾಯ. ಗಂಟಲು ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಸಿಕ್ಕರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಜ್ವರ, ಕೆಂಪಾದ ಟಾನ್ಸಿಲ್, ಕತ್ತಿನಲ್ಲಿ ನೋಯುವ ಗಂಟುಗಳಿದ್ದು ಕೆಮ್ಮು, ನೆಗಡಿ ಇಲ್ಲದಿದ್ದರೆ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಎಎಸ್‌ಒ ಪರೀಕ್ಷೆ ಹೆಚ್ಚು ಬಂದರೆ ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ಆಗಿತ್ತು ಎಂದಷ್ಟೇ ಅರ್ಥ. ಆ ಒಂದು ಅಂಕಿ ನೋಡಿ ರುಮ್ಯಾಟಿಕ್ ಜ್ವರ ಎನ್ನಲಾಗದು. ಕೀಲು, ಹೃದಯ, ಚರ್ಮದ ಲಕ್ಷಣಗಳನ್ನು ಸೇರಿಸಿ, ಎಕೋ ಪರೀಕ್ಷೆ ಮಾಡಿ ನಿರ್ಧರಿಸುತ್ತಾರೆ.

ಒಮ್ಮೆ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಬೆಂಜಥೈನ್ ಪೆನಿಸಿಲಿನ್ ಇಂಜೆಕ್ಷನ್ ಬೇಕು. ಹೃದಯಕ್ಕೆ ತಗಲದಿದ್ದರೆ ಕನಿಷ್ಠ 5 ವರ್ಷ, ತಗಲಿದ್ದರೆ 10 ವರ್ಷವಾದರೂ. ಕವಾಟ ಕೆಟ್ಟಿದ್ದರೆ 40 ವಯಸ್ಸಿನವರೆಗೆ ಅಥವಾ ಜೀವನಪೂರ್ತಿ. ಆಡಿಕೊಂಡಿರುವ ಮಗುವಿಗೆ ವರ್ಷಗಟ್ಟಲೆ ಸೂಜಿ ಚುಚ್ಚಿಸಲು ಯಾವ ತಾಯಿಗೂ ಮನಸ್ಸು ಬಾರದು, ಎಷ್ಟೋ ಮನೆಗಳಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಆದರೆ ಈ ಮಗುವಿನ ರಕ್ತದಲ್ಲಿ ಹೃದಯವನ್ನು ಗುರುತು ಹಿಡಿದ ನೆನಪಿನ ಕೋಶಗಳು ಉಳಿದಿವೆ. ಗಂಟಲಿನಲ್ಲಿ ಕಾಣದಷ್ಟು ಸಣ್ಣ ಸೋಂಕು ಬಂದರೂ ಅವು ಮತ್ತೆ ಏಳಬಲ್ಲವು, ಪ್ರತಿ ಸಲವೂ ಕವಾಟ ಇನ್ನಷ್ಟು ಕೆಡುತ್ತದೆ. ಆ ಇಂಜೆಕ್ಷನ್ ತಪ್ಪಬಾರದು ಎಂದು ವೈದ್ಯರು ಪಟ್ಟು ಹಿಡಿಯುವುದು ಇದಕ್ಕೇ.