ಸಂಜೆಯಾದ್ರೆ ಲೆನ್ಸ್ ಚುಚ್ಚುತ್ತಾ? ಡ್ರಾಪ್ಸ್ ತರೋ ಮುಂಚೆ ಇದನ್ನು ಓದಿ

ಕಲಬುರಗಿ: ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ದೂರು ಹೆಚ್ಚುಕಡಿಮೆ ಒಂದೇ. "ಮುಂಜಾನೆ ಏನೂ ಗೊತ್ತಾಗಂಗಿಲ್ಲ, ಸಂಜಿಮುಂದ ಕಣ್ಣಾಗ ಉಸುಕು ಬಿದ್ದಂಗ ಆಗ್ತದ." ಆಗ ಮೆಡಿಕಲ್‌ಗೆ ಹೋಗಿ ಒಂದು ಡ್ರಾಪ್ಸ್ ಬಾಟಲಿ ತರ್ತಾರೆ. ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಆಮೇಲೆ ಮತ್ತೆ ಅದೇ ಉರಿ.

ಉರಿ ಯಾಕೆ? ಕಣ್ಣಿನ ಮೇಲೆ ಸದಾ ಕಣ್ಣೀರಿನ ಒಂದು ತೆಳು ಪದರ ಇರುತ್ತದೆ. ಅದರ ಮೇಲ್ಭಾಗದಲ್ಲಿ ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಬರುವ ಎಣ್ಣೆಯಂಶ ಹರಡಿಕೊಂಡು, ನೀರು ಬೇಗ ಆರದಂತೆ ತಡೆಯುತ್ತದೆ. ಲೆನ್ಸ್ ಈ ಪದರಕ್ಕಿಂತ ಎಷ್ಟೋ ಪಟ್ಟು ದಪ್ಪ. ಅದು ಮಧ್ಯೆ ಕೂತಾಗ ಪದರ ಎರಡು ಭಾಗವಾಗುತ್ತದೆ. ಲೆನ್ಸ್ ಮೇಲೆ ಉಳಿಯುವ ನೀರು ಇನ್ನೂ ತೆಳುವಾಗಿ ಬೇಗ ಆರುತ್ತದೆ. ಒಣಗಿದ ಲೆನ್ಸ್ ಮೇಲೆ ರೆಪ್ಪೆ ಉಜ್ಜಿದಾಗಲೇ ಆ ಉಸುಕಿನ ಅನುಭವ.

ಒಂದು ಉದಾಹರಣೆ ನೋಡೋಣ. ಬ್ಯಾಂಕ್ ಕೌಂಟರ್‌ನಲ್ಲಿ ಕೂರುವ ಒಬ್ಬರು ಬೆಳಿಗ್ಗೆ 9ಕ್ಕೆ ಲೆನ್ಸ್ ಹಾಕ್ತಾರೆ. ತಲೆಯ ಮೇಲೆ ಎಸಿ, ಎದುರಿಗೆ ಕಂಪ್ಯೂಟರ್. 4 ಗಂಟೆಗೆ ಕಣ್ಣು ಕೆಂಪು. ಇವರು ಮೊದಲು ನೋಡಬೇಕಾದದ್ದು ಇಷ್ಟೇ: ಮನೆಗೆ ಹೋಗಿ ಲೆನ್ಸ್ ತೆಗೆದ ಕೂಡಲೇ ಆರಾಮ ಆಗುತ್ತದೆಯೇ? ಆಗುವುದಾದರೆ ತೊಂದರೆ ಹೆಚ್ಚಾಗಿ ಲೆನ್ಸ್‌ನದ್ದು ಅಥವಾ ಅದನ್ನು ಹಾಕಿಕೊಳ್ಳುವ ರೀತಿಯದ್ದು. ಕನ್ನಡಕ ಹಾಕಿದ ದಿನವೂ ಉರಿ ಇದ್ದರೆ ಕಣ್ಣೇ ಒಣಗುತ್ತಿದೆ ಅಂತ ಅರ್ಥ. ಆಗ ಬ್ರ್ಯಾಂಡ್ ಬದಲಿಸೋದಕ್ಕಿಂತ ಮೊದಲು ಕಣ್ಣಿನ ಡಾಕ್ಟರ್‌ಗೆ ತೋರಿಸಬೇಕು. ಇನ್ನು ಹಾಕಿದ ತಕ್ಷಣ ಚುಚ್ಚಿದರೆ ಲೆನ್ಸ್ ಉಲ್ಟಾ ಆಗಿರಬಹುದು, ಧೂಳು ಅಂಟಿರಬಹುದು, ಇಲ್ಲವೇ ಸೊಲ್ಯೂಷನ್ ಒಗ್ಗದೇ ಇರಬಹುದು.

ನಮ್ಮ ಬ್ಯಾಂಕ್ ನೌಕರರಿಗೆ ಲೆನ್ಸ್ ತೆಗೆದರೆ ಆರಾಮ ಆಗುತ್ತದೆ ಅಂದುಕೊಳ್ಳಿ. ಮೊದಲ ಅನುಮಾನ ರೆಪ್ಪೆ ಬಡಿಯುವುದರ ಮೇಲೆ. ಸಾಮಾನ್ಯವಾಗಿ ನಿಮಿಷಕ್ಕೆ 15 ಸಲದಷ್ಟು ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ಸಾಲದ್ದಕ್ಕೆ ಎಷ್ಟೋ ಸಲ ರೆಪ್ಪೆ ಅರ್ಧಕ್ಕೇ ನಿಂತು ಮೇಲೆ ಹೋಗುತ್ತದೆ. ಲೆನ್ಸ್‌ನ ಕೆಳಭಾಗ ಒಣಗಿಯೇ ಉಳಿಯುತ್ತದೆ. ಹಾಗಾಗಿ 20 ನಿಮಿಷಕ್ಕೊಮ್ಮೆ ಕಣ್ಣನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಸೆಕೆಂಡ್ ಹಾಗೇ ಬಿಟ್ಟು, ತೆರೆಯಿರಿ. ಐದಾರು ಸಲ ಸಾಕು. ಎಸಿ, ಕೂಲರ್ ಗಾಳಿ ನೇರ ಮುಖಕ್ಕೆ ಹೊಡೆಯದಂತೆ ಕುರ್ಚಿ ಸರಿಸಿ. ಪರದೆ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿದ್ದರೆ ಕಣ್ಣು ಕಡಿಮೆ ತೆರೆದಿರುತ್ತದೆ, ಅಷ್ಟೇ ಕಡಿಮೆ ಒಣಗುತ್ತದೆ.

ಇಷ್ಟಾದರೂ ಹೋಗದಿದ್ದರೆ ಲೆನ್ಸ್ ಕಡೆ ನೋಡಬೇಕು. "ನೀರಿನಂಶ ಜಾಸ್ತಿ ಇರೋದು ಕೊಡಿ, ಕಣ್ಣು ತಂಪಾಗಿರ್ತದೆ" ಅಂತ ಕೇಳುವವರು ಬಹಳ. ಆದರೆ ಹೆಚ್ಚು ನೀರು ಹಿಡಿದ ಹೈಡ್ರೋಜೆಲ್ ಲೆನ್ಸ್ ಒಣ ಹವೆಯಲ್ಲಿ ಆ ನೀರನ್ನು ಕಳೆದುಕೊಳ್ಳುವುದೂ ಹೆಚ್ಚು. ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಆಮ್ಲಜನಕ ಸಿಲಿಕೋನ್ ಮೂಲಕವೇ ಕಣ್ಣಿಗೆ ತಲುಪುವುದರಿಂದ ಅಷ್ಟು ನೀರು ಬೇಕಿಲ್ಲ. ಹಾಗಂತ ಅದು ಎಲ್ಲರಿಗೂ ಮದ್ದಲ್ಲ. ಕಣ್ಣೀರಿನ ಜಿಡ್ಡು ಅದಕ್ಕೆ ಬೇಗ ಅಂಟುತ್ತದೆ, ಕೆಲವರಿಗೆ ಒಗ್ಗುವುದೂ ಇಲ್ಲ. ತಿಂಗಳ ಲೆನ್ಸ್‌ನಲ್ಲಿ ಕೊನೆಯ ವಾರ ಮಾತ್ರ ಕಿರಿಕಿರಿ ಅನ್ನುವವರಿಗೆ ದಿನಕ್ಕೊಂದು ಬಿಸಾಡುವ ಲೆನ್ಸ್ ಒಳ್ಳೆಯ ಆಯ್ಕೆ. ದುಬಾರಿ, ನಿಜ. ವಾರದಲ್ಲಿ ಎರಡು ಮೂರು ದಿನ ಮಾತ್ರ ಹಾಕಿದರೆ ಖರ್ಚು ಹಿಡಿತದಲ್ಲಿರುತ್ತದೆ. ಅಂದಹಾಗೆ, ತಿಂಗಳ ಲೆನ್ಸ್ ಅಂದ್ರೆ ಪ್ಯಾಕ್ ತೆರೆದ ದಿನದಿಂದ ತಿಂಗಳು, 30 ಸಲ ಹಾಕೋದು ಅಲ್ಲ.

ಡ್ರಾಪ್ಸ್ ಬೇಡ ಅಂತಲ್ಲ. ಪ್ರಯಾಣ, ಎಸಿ ಕೋಣೆ, ಧಗೆಯ ಮಧ್ಯಾಹ್ನ ಇಂಥ ಕಡೆ ಅವು ಕೆಲಸಕ್ಕೆ ಬರುತ್ತವೆ. ಆದರೆ ಲೆನ್ಸ್ ಇರುವಾಗಲೇ ಹಾಕಬಹುದು ಅಂತ ಡಬ್ಬಿಯ ಮೇಲೆ ಬರೆದಿರಬೇಕು. ಎಷ್ಟೋ ಡ್ರಾಪ್ಸ್‌ನಲ್ಲಿ ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಮೆತ್ತನೆಯ ಲೆನ್ಸ್‌ನಲ್ಲಿ ಹೀರಿಕೊಂಡು ಕಣ್ಣನ್ನೇ ಕೆರಳಿಸುತ್ತದೆ. ಅಂಥದ್ದಾದರೆ ಲೆನ್ಸ್ ತೆಗೆದು, ಹನಿ ಹಾಕಿ, ಕನಿಷ್ಠ 15 ನಿಮಿಷ ಬಿಟ್ಟು ಮತ್ತೆ ಹಾಕಿ. ಕೆಂಪು ಹೋಗಿಸುವ ಡ್ರಾಪ್ಸ್ ಶುಷ್ಕತೆಗೆ ಔಷಧವಲ್ಲ. ಪದೇಪದೇ ಹಾಕಿದರೆ ಕೆಂಪು ಇನ್ನೂ ಜಾಸ್ತಿಯಾಗಿ ಮರಳುತ್ತದೆ. ಸ್ಟೀರಾಯ್ಡ್ ಡ್ರಾಪ್ಸ್ ಅನ್ನಂತೂ ಡಾಕ್ಟರ್ ಹೇಳದೆ ಮುಟ್ಟಬೇಡಿ. ಲೆನ್ಸ್ ಒಣಗಿತು ಅಂತ ನಲ್ಲಿ ನೀರು, ಎಂಜಲು ಹಚ್ಚುವವರೂ ಇದ್ದಾರೆ. ಕಣ್ಣಿಗೆ ಗಂಭೀರ ಸೋಂಕು ತರುವ ದಾರಿ ಅದು.

ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಸುಕು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇವುಗಳಲ್ಲಿ ಒಂದು ಕಂಡರೂ ಅದು ಶುಷ್ಕತೆ ಅಲ್ಲ ಅಂತಲೇ ತಿಳಿಯಿರಿ. ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಲೆನ್ಸ್ ಬಿಸಾಡಬೇಡಿ, ಅದರ ಡಬ್ಬಿ ಸಮೇತ ಕೊಂಡೊಯ್ದರೆ ಸೋಂಕು ಯಾವುದೆಂದು ಪರೀಕ್ಷಿಸಲು ಡಾಕ್ಟರ್‌ಗೆ ಬೇಕಾಗಬಹುದು.