ಬೋರ್ಡಿನಿಂದ ಇಳಿದ ಬ್ಯಾಂಕು

ಸೆಪ್ಟೆಂಬರ್ ತಿಂಗಳ ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಪುತ್ತೂರು ಕಡೆಯ ಈ ಹಳ್ಳಿಯ ಸಂಘದ ಕಟ್ಟಡದಲ್ಲಿ ಕೆಳಗೆ ಗೊಬ್ಬರದ ಗೋದಾಮು ಮತ್ತು ನ್ಯಾಯಬೆಲೆ ಅಂಗಡಿ, ಮೇಲೆ ಸಭಾಭವನ. ಮೆಟ್ಟಿಲ ಬುಡದಲ್ಲಿ ಒದ್ದೆ ಕೊಡೆಗಳು ಸಾಲಾಗಿ ಒರಗಿವೆ. ಗೋದಾಮಿನ ಬಾಗಿಲಲ್ಲಿ ಇಬ್ಬರು ಮೈಲುತುತ್ತು, ಸುಣ್ಣ ಕಟ್ಟಿಸಿಕೊಳ್ಳುತ್ತಿದ್ದಾರೆ. ಅಡಿಕೆಗೆ ಕೊಳೆರೋಗ ಬಾರದಂತೆ ಇನ್ನೊಂದು ಸಲ ಮದ್ದು ಬಿಡಬೇಕು, ಅದಕ್ಕೆ ಎರಡು ದಿನದ ಬಿಸಿಲು ಬೇಕು. ಬಿಸಿಲು ಬರುವವರೆಗೆ ಮಹಾಸಭೆಗಾದರೂ ಕೂರೋಣ ಎಂದು ಮಾತಾಡಿಕೊಳ್ಳುತ್ತಾ ಅವರೂ ಮೆಟ್ಟಿಲು ಹತ್ತುತ್ತಾರೆ.

ಮೇಲೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವರ ಸಾಲು. ಸಹಿ ಹಾಕಿದವರ ಕೈಗೆ ವಾರ್ಷಿಕ ವರದಿಯ ಪುಸ್ತಿಕೆ, ಒಂದು ತಟ್ಟೆ ಅವಲಕ್ಕಿ, ಲೋಟದಲ್ಲಿ ಚಹಾ. ವೇದಿಕೆಯ ಗೋಡೆಯಲ್ಲಿ ಮೊಳಹಳ್ಳಿ ಶಿವರಾಯರ ಪಟ. 1909ರಲ್ಲಿ ಪುತ್ತೂರಿನಲ್ಲಿ ಪತ್ತಿನ ಸಹಕಾರ ಸಂಘ ಕಟ್ಟಿ ಈ ಜಿಲ್ಲೆಗೆ ಸಹಕಾರದ ದಾರಿ ತೋರಿಸಿದವರು ಅವರು. ಪಟದ ಕೆಳಗೆ ಕಟ್ಟಿದ ಬ್ಯಾನರಿನಲ್ಲಿ ಊರಿನ ಹೆಸರು, ಅದರ ಮುಂದೆ ದಪ್ಪ ಅಕ್ಷರದಲ್ಲಿ ‘ಸೇವಾ ಸಹಕಾರಿ ಬ್ಯಾಂಕ್ ನಿಯಮಿತ’. ಈ ಹೆಸರಿನಲ್ಲಿ ನಡೆಯುವ ಕೊನೆಯ ಮಹಾಸಭೆ ಇದು ಎಂಬ ಸುದ್ದಿ ನೋಟೀಸಿನೊಂದಿಗೆ ಮನೆಮನೆಗೆ ಮೊದಲೇ ತಲುಪಿದೆ.

ಕಳೆದ ಸಭೆಯ ನಡಾವಳಿ ಓದಿ ಮುಗಿಯಿತು. ‘ಬೈಲಾ ತಿದ್ದುಪಡಿ’ ಎಂದು ಮುಖ್ಯ ಕಾರ್ಯನಿರ್ವಹಣಾಧಿಕಾರಿ ಮುಂದಿನ ವಿಷಯ ಓದಿದೊಡನೆ ಅಧ್ಯಕ್ಷರು ಎದ್ದರು. ಬಿಳಿ ಅಂಗಿ, ಮಡಚಿದ ತೋಳು, ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ. ಮೈಕನ್ನು ತುಸು ದೂರ ಸರಿಸಿಕೊಂಡರು.

“ಸಹಕಾರಿ ಬಂಧುಗಳೇ, ಪುಸ್ತಿಕೆಯ ಕೊನೆಯ ಪುಟ ತೆಗೆಯಿರಿ. ಮೂರು ಕಾಲಂ ಇದೆ. ಮೊದಲನೆಯದರಲ್ಲಿ ಈಗಿರುವ ಬೈಲಾ, ಎರಡನೆಯದರಲ್ಲಿ ತಿದ್ದುಪಡಿ, ಮೂರನೆಯದರಲ್ಲಿ ಕಾರಣ. ಕಾರಣದ ಕಾಲಂ ಚಿಕ್ಕದು, ಅದರಲ್ಲಿ ಹಿಡಿಯದ್ದನ್ನು ನಾನು ಹೇಳುತ್ತೇನೆ. ನಮ್ಮ ಸಂಘದ ಹೆಸರು ಇನ್ನು ಮುಂದೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ನಿಯಮಿತ. ಮೊದಲಿಗೆ ಊರಿನ ಹೆಸರು ಹಾಗೆಯೇ ಇರುತ್ತದೆ. ಬ್ಯಾಂಕ್ ಎಂಬ ಶಬ್ದ ಹೋಗುತ್ತದೆ.”

ಪುಟ ತಿರುವುವ ಸದ್ದು ಸಭೆಯ ಉದ್ದಕ್ಕೂ ಹರಿಯಿತು. ಎಷ್ಟೋ ಮನೆಗಳಲ್ಲಿ ಎರಡು ತಲೆಮಾರು ‘ಬ್ಯಾಂಕಿಗೆ ಹೋಗಿ ಬರುತ್ತೇನೆ’ ಎಂದು ಹೊರಟದ್ದು ಇದೇ ಕಟ್ಟಡಕ್ಕೆ.

ಅಧ್ಯಕ್ಷರು ಕಾನೂನಿನ ಕಡೆಯಿಂದ ಶುರು ಮಾಡಿದರು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯನ್ನು 1966ರಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸಿದರು. ಆಗ ಹಳ್ಳಿಯ ಕೃಷಿ ಪತ್ತಿನ ಸಂಘಗಳನ್ನು ಹೊರಗೆ ಬಿಟ್ಟಿದ್ದರು. ಆ ವಿನಾಯಿತಿಗೆ ಷರತ್ತಿರಲಿಲ್ಲ. ಹಾಗಾಗಿ ಕರಾವಳಿಯಲ್ಲೂ ಕೇರಳದಲ್ಲೂ ಎಷ್ಟೋ ಸಂಘಗಳು ಬೋರ್ಡಿನಲ್ಲಿ ಬ್ಯಾಂಕ್ ಎಂದು ಬರೆಸಿಕೊಂಡವು, ಕೇಳುವವರಿರಲಿಲ್ಲ. 2020ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ವಿನಾಯಿತಿ ಉಳಿಯಿತು, ಜೊತೆಗೆ ಎರಡು ಷರತ್ತು ಬಂದವು. ಸಂಘ ತನ್ನ ಹೆಸರಿನಲ್ಲಾಗಲಿ ವ್ಯವಹಾರದಲ್ಲಾಗಲಿ ಬ್ಯಾಂಕ್, ಬ್ಯಾಂಕರ್, ಬ್ಯಾಂಕಿಂಗ್ ಎಂಬ ಶಬ್ದ ಬಳಸಬಾರದು. ತನ್ನ ಮೇಲೆ ಬರೆದ ಚೆಕ್ಕಿಗೆ ಹಣ ಕೊಡಬಾರದು. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೆಸರಿನ ಮೇಲಿನ ಈ ನಿಷೇಧವನ್ನು ಪತ್ರಿಕಾ ಪ್ರಕಟಣೆಯ ಮೂಲಕ ಜನರಿಗೆ ತಿಳಿಸಿ ಎಚ್ಚರಿಸಿತು.

“ಬೋರ್ಡಿನಲ್ಲಿ ಅಳಿಸಿ ಪಾಸ್‌ಬುಕ್ಕಿನಲ್ಲಿ ಇಟ್ಟುಕೊಳ್ಳೋಣ ಅಂತ ಆಡಳಿತ ಮಂಡಳಿಯಲ್ಲಿ ಒಬ್ಬರು ಕೇಳಿದರು. ಆಗುವುದಿಲ್ಲ. ವ್ಯವಹಾರದಲ್ಲಿ ಎಂದರೆ ಪಾಸ್‌ಬುಕ್, ರಶೀದಿ, ಠೇವಣಿ ಪತ್ರ, ಸೀಲು, ಎಲ್ಲವೂ ಬಂತು.”

ಆಗ ಹೆಂಗಸರ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದರು. ಸೆರಗನ್ನು ಹೆಗಲಿಗೆ ಎಳೆದುಕೊಂಡು, ಮೈಕಿಗೆ ಕಾಯದೆ ಗಟ್ಟಿಯಾಗಿಯೇ ಕೇಳಿದರು:

“ಅಣ್ಣಾ, ನಾನು ಇಲ್ಲಿ ಎರಡು ಲಕ್ಷ ಇಟ್ಟಿದ್ದೇನೆ. ಬ್ಯಾಂಕು ಅಂತ ನಂಬಿ ಇಟ್ಟದ್ದು. ಈಗ ಬ್ಯಾಂಕು ಅಲ್ಲ ಅಂದರೆ ಆ ದುಡ್ಡಿನ ಗತಿ ಏನು?”

ಸಭೆ ಪೂರ್ತಿ ಅಧ್ಯಕ್ಷರ ಕಡೆ ತಿರುಗಿತು. ‘ಏನೂ ಆಗುವುದಿಲ್ಲ ಅಕ್ಕ, ಕೂತುಕೊಳ್ಳಿ’ ಎಂದು ಅವರು ಹೇಳಬಹುದಿತ್ತು. ಹಾಗೆ ಹೇಳಲಿಲ್ಲ.

“ಅಕ್ಕ, ನಿಮ್ಮ ಠೇವಣಿ ಪತ್ರದ ಮೊತ್ತ, ಬಡ್ಡಿ, ಅವಧಿ ಯಾವುದೂ ಬದಲಾಗುವುದಿಲ್ಲ. ಹೆಸರು ಬದಲಾದರೆ ಸಂಘದ ಹಕ್ಕೂ ಹೋಗುವುದಿಲ್ಲ, ಋಣವೂ ಹೋಗುವುದಿಲ್ಲ. ನಿಮಗೆ ಕೊಡಬೇಕಾದ್ದನ್ನು ಹೊಸ ಹೆಸರಿನ ಸಂಘವೇ ಕೊಡಬೇಕು. ಆದರೆ ನೀವು ಕೇಳಿದ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ಅದಕ್ಕೂ ಉತ್ತರ ಕೊಡುತ್ತೇನೆ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಅದನ್ನು ಕೊಡುವುದು ಠೇವಣಿ ವಿಮಾ ನಿಗಮ. ನಮ್ಮಂಥ ಸಂಘಗಳಿಗೆ ಆ ವಿಮೆ ಇಲ್ಲ. ಇವತ್ತಿನಿಂದ ಇಲ್ಲವಾದದ್ದಲ್ಲ, ಯಾವತ್ತೂ ಇರಲಿಲ್ಲ. ಬೋರ್ಡಿನ ಮೇಲೆ ಬ್ಯಾಂಕ್ ಅಂತ ಇದ್ದುದರಿಂದ ಇದೆ ಅಂತ ನಿಮಗೆ ಅನ್ನಿಸಿತು. ಹೆಸರು ಬದಲಾಗಬೇಕಾದ್ದು ಅದಕ್ಕೇ.”

ಅಂಥ ಮಾತನ್ನು ಠೇವಣಿದಾರರ ಎದುರು, ಮೈಕಿನಲ್ಲಿ ಹೇಳಲು ಧೈರ್ಯ ಬೇಕು. ಮರುದಿನ ಬೆಳಗ್ಗೆ ಕೌಂಟರಿನ ಮುಂದೆ ಠೇವಣಿ ಹಿಂತೆಗೆಯುವವರ ಸಾಲು ನಿಲ್ಲಬಹುದು ಎಂಬ ಭಯ ಯಾವ ಅಧ್ಯಕ್ಷರಿಗೂ ಇರುತ್ತದೆ. ಆ ಭಯದಿಂದಲೇ ಎಷ್ಟೋ ಕಡೆ ಹೆಸರಿನ ಬದಲಾವಣೆ ‘ಸರಕಾರದ ಆದೇಶ’ ಎಂಬ ಎರಡು ಪದದಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ.

ಹಾಗಿದ್ದರೆ ಠೇವಣಿಗೆ ಕಾವಲು ಏನು? ಅಧ್ಯಕ್ಷರು ಬೆರಳು ಮಡಚಿ ಹೇಳುತ್ತಾ ಹೋದರು. ಪ್ರತಿ ವರ್ಷದ ಲೆಕ್ಕಪರಿಶೋಧನೆ ಒಂದು. ಸಂಘಕ್ಕೆ 100 ರೂಪಾಯಿ ನಿವ್ವಳ ಲಾಭ ಬಂದರೆ ಕಡಿಮೆಯೆಂದರೂ 25 ರೂಪಾಯಿ ಕಾಯ್ದಿಟ್ಟ ನಿಧಿಗೆ ಹೋಗಲೇಬೇಕು, ಅದನ್ನು ಡಿವಿಡೆಂಡ್ ಎಂದು ಹಂಚುವಂತಿಲ್ಲ, ಅದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಸಾಲದ ವಸೂಲಿ. ಠೇವಣಿಯಾಗಿ ಬಂದ ಹಣದಲ್ಲಿ ಹೆಚ್ಚಿನ ಪಾಲು ಸಾಲವಾಗಿ ಇದೇ ಊರಿನ ತೋಟಗಳಿಗೆ ಹೋಗಿದೆ. ಸಾಲ ಪಡೆದವರು ಗಡುವಿನೊಳಗೆ ಕಟ್ಟಿದರೆ ಅಕ್ಕನ ಎರಡು ಲಕ್ಷ ಭದ್ರ, ಕಟ್ಟದಿದ್ದರೆ ಯಾವ ಬೋರ್ಡೂ ಅದನ್ನು ಕಾಯಲಾರದು.

“ನಿಮ್ಮ ದುಡ್ಡನ್ನು ಕಾಯುವವರು ಈ ಭವನದಲ್ಲೇ ಕೂತಿದ್ದಾರೆ” ಎಂದರು. ಹಿಂದಿನ ಬೆಂಚುಗಳಲ್ಲಿ ಕೆಲವರು ಪುಸ್ತಿಕೆಯ ಮೇಲೆ ಕಣ್ಣಿಟ್ಟರು.

ಮುಂದಿನ ಪ್ರಶ್ನೆ ಒಬ್ಬ ತರುಣರದು. “ಗೊಬ್ಬರ ಮಾರುತ್ತೇವೆ, ರೇಷನ್ ಕೊಡುತ್ತೇವೆ, ಚಿನ್ನದ ಮೇಲೆ ಸಾಲ ಕೊಡುತ್ತೇವೆ. ಬರೀ ಕೃಷಿ ಪತ್ತು ಅಂತ ಯಾಕೆ? ವಿವಿಧೋದ್ದೇಶ ಸಂಘ ಅಂತ ಇಡಬಹುದಲ್ಲ?”

“ಇಡಬಹುದು, ತಪ್ಪೇನೂ ಇಲ್ಲ. ಮಂಡಳಿಯಲ್ಲಿ ಈ ಚರ್ಚೆ ಆಗಿದೆ. ನೀವು ಹೇಳಿದ ಎಲ್ಲ ಕೆಲಸವೂ ಬೈಲಾದ ಉದ್ದೇಶಗಳಲ್ಲಿ ಇದೆ, ಇರುತ್ತದೆ. ಆದರೆ ಕಾಯ್ದೆ ನಮಗೆ ವಿನಾಯಿತಿ ಕೊಟ್ಟಿರುವುದು ಸದಸ್ಯರಿಗೆ ಕೃಷಿ ಸಾಲ ಕೊಡುವುದೇ ಮುಖ್ಯ ಉದ್ದೇಶವಾದ ಸಂಘ ಎಂಬ ಕಾರಣಕ್ಕೆ. ನಾವು ಯಾವುದರ ಬಲದಲ್ಲಿ ನಿಂತಿದ್ದೇವೋ ಅದು ಹೆಸರಿನಲ್ಲೇ ಕಾಣಲಿ ಅಂತ ಈ ತೀರ್ಮಾನ. ಪ್ರಾಥಮಿಕ ಎಂದರೆ ನಾವು ಮೊದಲ ಮೆಟ್ಟಿಲು. ನಮ್ಮ ಮೇಲೆ ಜಿಲ್ಲಾ ಕೇಂದ್ರ ಬ್ಯಾಂಕ್, ಅದರ ಮೇಲೆ ಬೆಂಗಳೂರಿನ ಅಪೆಕ್ಸ್ ಬ್ಯಾಂಕ್. ಅವೆರಡೂ ಲೈಸೆನ್ಸ್ ಇರುವ ಬ್ಯಾಂಕುಗಳು. ನಿಯಮಿತ ಎಂದರೆ ನಷ್ಟವಾದರೆ ಸದಸ್ಯನ ಹೊಣೆ ಅವನ ಪಾಲಿನ ಹಣದಷ್ಟಕ್ಕೆ ಮಾತ್ರ.”

ಹೆಸರು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು ಎಂಬುದನ್ನೂ ಅವರು ಬಿಡಲಿಲ್ಲ. ಸದಸ್ಯರಲ್ಲದವರಿಂದ, ನಾಮಮಾತ್ರ ಸದಸ್ಯರಿಂದ, ಸಹ ಸದಸ್ಯರಿಂದ ಠೇವಣಿ ಪಡೆಯುವುದನ್ನೂ ರಿಸರ್ವ್ ಬ್ಯಾಂಕ್ ಅದೇ ಪ್ರಕಟಣೆಯಲ್ಲಿ ಎತ್ತಿ ಹೇಳಿದೆ. ಅದು ಬ್ಯಾಂಕಿನ ವ್ಯವಹಾರಕ್ಕೆ ಸಮ ಎಂಬುದು ಅದರ ನಿಲುವು. ಬೆಂಗಳೂರಿನ ಮಗ, ಮುಂಬೈಯ ಅಳಿಯ ಅರ್ಧ ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ಇಲ್ಲಿ ಹಣ ಇಡುವ ರೂಢಿ ಊರಲ್ಲಿ ಇದ್ದದ್ದೇ. ಅಂಥ ಠೇವಣಿಗಳನ್ನು ಅವಧಿ ಮುಗಿದ ಮೇಲೆ ನವೀಕರಿಸುವುದಿಲ್ಲ ಎಂದು ಅಧ್ಯಕ್ಷರು ಸ್ಪಷ್ಟಪಡಿಸಿದಾಗ ಅಲ್ಲಲ್ಲಿ ಗುಸುಗುಸು ಎದ್ದಿತು. ಬೇರೆ ಕಡೆ ಹಣ ಇಡುವವರಿಗೆ ಒಂದು ಕಿವಿಮಾತನ್ನೂ ಸೇರಿಸಿದರು. ಬೋರ್ಡಿನ ಹೆಸರನ್ನು ನಂಬಬೇಡಿ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ತೋರಿಸಿ ಎಂದು ಕೇಳಿ. ವಿಮೆ ಇರುವ ಬ್ಯಾಂಕುಗಳ ಪಟ್ಟಿ ವಿಮಾ ನಿಗಮದ ಬಳಿ ಇದೆ, ಅದರಲ್ಲಿ ಹೆಸರಿದೆಯೇ ನೋಡಿ.

ಕಿಟಕಿಯ ಬಳಿ ನಿಂತಿದ್ದ ಒಬ್ಬ ಕೃಷಿಕರಿಗೆ ಪಹಣಿಯ ಚಿಂತೆ. ಅವರ ಪಹಣಿಯ 11ನೇ ಕಾಲಂನಲ್ಲಿ ಬೆಳೆಸಾಲದ ಋಣ ಹಳೆಯ ಹೆಸರಿನಲ್ಲಿ ದಾಖಲಾಗಿದೆ. ನಾಳೆ ಸಾಲ ತೀರಿಸಿದಾಗ ಋಣ ಬಿಡುಗಡೆಯ ಪತ್ರ ಹೊಸ ಹೆಸರಿನಲ್ಲಿ ಹೋದರೆ ತಾಲ್ಲೂಕು ಕಚೇರಿಯಲ್ಲಿ ತಕರಾರು ಬರುವುದಿಲ್ಲವೇ? ಇದಕ್ಕೆ ಉತ್ತರಿಸಿದ್ದು ಕಾರ್ಯನಿರ್ವಹಣಾಧಿಕಾರಿ. ಇವತ್ತು ಸಭೆ ಒಪ್ಪಿದರೂ ಹೆಸರು ಇವತ್ತೇ ಬದಲಾಗುವುದಿಲ್ಲ. ತಿದ್ದುಪಡಿ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ ಅಲ್ಲಿ ನೋಂದಣಿಯಾಗಬೇಕು. ಅಲ್ಲಿಯವರೆಗೆ ಹಳೆಯ ಹೆಸರೇ ಸಹಿ ಸೀಲಿಗೆ. ನೋಂದಣಿಯಾದ ಮೇಲೆ ಆ ಪ್ರಮಾಣಪತ್ರದ ಪ್ರತಿಯನ್ನು ಪ್ರತಿ ಋಣ ಬಿಡುಗಡೆ ಪತ್ರಕ್ಕೂ ಲಗತ್ತಿಸುತ್ತೇವೆ, ಪತ್ರದಲ್ಲಿ ‘ಹಿಂದಿನ ಹೆಸರು’ ಎಂದು ಕಾಣಿಸುತ್ತೇವೆ. ಪಾನ್ ಕಾರ್ಡ್, ಜಿಎಸ್‌ಟಿ, ಗೊಬ್ಬರದ ಲೈಸೆನ್ಸ್, ಜಿಲ್ಲಾ ಬ್ಯಾಂಕಿನ ಖಾತೆ, ಎಲ್ಲದರಲ್ಲೂ ಹೆಸರು ಬದಲಾಗಬೇಕು. ಒಂದರಲ್ಲಿ ತಪ್ಪಿದರೂ ಹಣ ಜಮೆಯಾಗುವಾಗ ತೊಡಕು.

ಇನ್ನು ಮತ. ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಚಪ್ಪಾಳೆಯಲ್ಲಿ ಮುಗಿಸೋಣ ಎಂದು ಮುಂದಿನ ಸಾಲಿನಿಂದ ಸೂಚನೆ ಬಂತು. ಅಧ್ಯಕ್ಷರು ಒಪ್ಪದೆ, ಕೈ ಎತ್ತಿಸಿ, ಸಾಲು ಸಾಲಾಗಿ ಎಣಿಸಿದರು. ಹಿರಿಯರೊಬ್ಬರು ಕೈ ಎತ್ತಲಿಲ್ಲ. ನನ್ನ ಅಪ್ಪ ಪಾಲು ಕಟ್ಟಿದ್ದು ಬ್ಯಾಂಕಿಗೆ ಎಂದರು. ಅವರ ವಿರೋಧವನ್ನು ನಡಾವಳಿಯಲ್ಲಿ ಬರೆಯಿರಿ ಎಂದು ಅಧ್ಯಕ್ಷರೇ ಹೇಳಿದರು. ಉಳಿದವರ ಕೈಗಳು ಬೇಕಾದಷ್ಟಕ್ಕಿಂತ ಹೆಚ್ಚಿದ್ದವು, ನಿರ್ಣಯ ಅಂಗೀಕಾರವಾಯಿತು.

ಮುಂದಿನ ವಿಷಯ ಲೆಕ್ಕಪರಿಶೋಧನಾ ವರದಿ. ಅನೇಕ ಮಹಾಸಭೆಗಳಲ್ಲಿ ‘ಓದಿದಂತೆ ಭಾವಿಸಲಾಗಿದೆ’ ಎಂದು ದಾಟಿಹೋಗುವ ಪುಟ ಅದು. ಕಾರ್ಯನಿರ್ವಹಣಾಧಿಕಾರಿ ಅದನ್ನು ಎತ್ತಿಕೊಳ್ಳುವಷ್ಟರಲ್ಲೇ ಎರಡು ಲಕ್ಷದ ಠೇವಣಿಯ ಆ ಅಮ್ಮ ಮತ್ತೆ ಎದ್ದಿದ್ದರು.

“ಸುಸ್ತಿ ಸಾಲ ಎಷ್ಟು ಉಂಟು? ಹೋದ ವರ್ಷಕ್ಕಿಂತ ಜಾಸ್ತಿಯಾ ಕಡಿಮೆಯಾ? ಆ ಲೆಕ್ಕ ಓದಿ.”

ಅವರ ಅಕ್ಕಪಕ್ಕದಲ್ಲಿ ಕುಳಿತವರೂ ಆ ಪುಟ ಹುಡುಕತೊಡಗಿದರು. ಕಾರ್ಯನಿರ್ವಹಣಾಧಿಕಾರಿ ಮೈಕ್ ಹತ್ತಿರ ಎಳೆದುಕೊಂಡು, ಮೊದಲ ಸಾಲಿನಿಂದ ಒಂದೊಂದೇ ಅಂಕಿ ಓದಲು ಆರಂಭಿಸಿದರು.