ಖಾರಾ ಬನ್ನಿನ ಲೆಕ್ಕ ಒಂದೇ ಪುಟದಲ್ಲಿ

ಜಾಹೀರಾತು, ಡಿಜಿಟಲ್ ಮಾರ್ಕೆಟಿಂಗ್ ಎಂದು ಕೆಲಸ ಹುಡುಕುವವರಿಗೆ ಸಂದರ್ಶನದಲ್ಲಿ ಎದುರಾಗುವ ಪ್ರಶ್ನೆ, "ಏನು ಮಾಡಿದ್ದೀರಿ, ತೋರಿಸಿ." ಹಾಗೆ ತೋರಿಸಲು ಇಟ್ಟುಕೊಂಡ ಕೆಲಸಗಳ ಕಡತವೇ ಪೋರ್ಟ್‌ಫೋಲಿಯೊ. ಪೋಸ್ಟರಿನ ಚಿತ್ರಗಳನ್ನಷ್ಟೇ ಅಂಟಿಸಿದರೆ ಕೈಚಳಕ ಕಾಣುತ್ತದೆ, ಅದರಿಂದ ಅಂಗಡಿಗೆ ಏನಾಯಿತು ಎಂಬುದು ಕಾಣುವುದಿಲ್ಲ. ಅದನ್ನು ಹೇಳುವುದು ಒಂದು ಪುಟದ ಕೇಸ್ ಸ್ಟಡಿ. ಗುರಿ ಏನಿತ್ತು, ಹೇಗೆ ಮಾಡಿದೆ, ಅಂಕಿ ಏನಾಯಿತು, ಏನು ಕಲಿತೆ ಎಂಬ ನಾಲ್ಕೇ ಭಾಗ ಅದರಲ್ಲಿರುತ್ತವೆ.

ಇದನ್ನು ಕಲಿಯಲು ಬಡಾವಣೆಯ ಬೇಕರಿ ಒಳ್ಳೆಯ ಜಾಗ. ಗಿರಾಕಿಗಳು ಸುತ್ತಲಿನ ಬೀದಿಗಳವರು, ಖರ್ಚು ಕಡಿಮೆ, ಫಲ ತಿಂಗಳೊಳಗೆ ಗೊತ್ತಾಗುತ್ತದೆ. ಮೈಸೂರಿನ ಕುವೆಂಪುನಗರದಂಥ ಕಡೆ ಇರುವ ಒಂದು ಅಯ್ಯಂಗಾರ್ ಬೇಕರಿಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಬೇಕರಿಯೂ ಅಂಕಿಗಳೂ ವಿವರಣೆಗೆಂದು ಕಟ್ಟಿಕೊಂಡವು. ಲೆಕ್ಕ ಹಾಕುವ ಕ್ರಮ ಮಾತ್ರ ನಿಜವಾದ ಬೇಕರಿಗೂ ಇದೇ.

ಗುರಿ

ಮಾಲೀಕರು ಹೇಳುವುದು "ವ್ಯಾಪಾರ ಸ್ವಲ್ಪ ಜಾಸ್ತಿ ಆಗಬೇಕು" ಎಂದು. ಅದನ್ನು ಹಾಗೇ ಪುಟಕ್ಕೆ ಇಳಿಸಿದರೆ ಗೆದ್ದಿರೋ ಸೋತಿರೋ ಯಾರಿಗೂ ತಿಳಿಯುವುದಿಲ್ಲ. ಯಾವ ತಿಂಡಿ, ಯಾವ ಹೊತ್ತು, ಎಷ್ಟು ಎಂದು ಅವರನ್ನೇ ಕೇಳಿ ಬಿಗಿ ಮಾಡಬೇಕು. ನಮ್ಮ ಬೇಕರಿಯಲ್ಲಿ ಸಂಜೆ 4ಕ್ಕೆ ಬಿಸಿ ಖಾರಾ ಬನ್ ಭಟ್ಟಿಯಿಂದ ಹೊರಗೆ ಬರುತ್ತದೆ. ದಿನಕ್ಕೆ 120 ಖರ್ಚಾಗುತ್ತದೆ, ಭಟ್ಟಿಯಲ್ಲಿ ಇನ್ನೂ ಜಾಗವಿದೆ. ಹಾಗಾಗಿ ಗುರಿ ಇಷ್ಟು: ಸೋಮವಾರದಿಂದ ಶುಕ್ರವಾರದವರೆಗೆ, ಸಂಜೆ 4ರಿಂದ 7ರೊಳಗೆ ಮಾರಾಟವಾಗುವ ಖಾರಾ ಬನ್ ನಾಲ್ಕು ವಾರದಲ್ಲಿ 120ರಿಂದ 150ಕ್ಕೆ ಏರಬೇಕು.

ಆ 120 ಎಂಬ ಅಂಕಿ ಅಂದಾಜಿನದಾಗಬಾರದು. ಇಂಥ ಬೇಕರಿಗಳಲ್ಲಿ ಬನ್ನಿಗೆ ಬಿಲ್ ಹಾಕುವುದು ಅಪರೂಪ. ಗಲ್ಲಾಪೆಟ್ಟಿಗೆಯ ದುಡ್ಡನ್ನು ಎಣಿಸಿದರೆ ಬ್ರೆಡ್ಡು, ಕೇಕು, ಬಿಸ್ಕತ್ತು ಎಲ್ಲ ಸೇರಿಹೋಗಿರುತ್ತವೆ. ಸುಲಭದ ದಾರಿ ಟ್ರೇ ಎಣಿಸುವುದು. ಭಟ್ಟಿಯಿಂದ ಎಷ್ಟು ಬನ್ ಬಂತು, 7ಕ್ಕೆ ಎಷ್ಟು ಉಳಿಯಿತು, ಟೀ ಅಂಗಡಿಗಳಿಗೆ ಸಗಟಾಗಿ ಎಷ್ಟು ಹೋಯಿತು ಎಂದು ದಿನವೂ ಒಂದು ಪುಸ್ತಕದಲ್ಲಿ ಬರೆಯಬೇಕು. ಪ್ರಚಾರಕ್ಕೆ ಮುಂಚಿನ ನಾಲ್ಕು ವಾರ ಹೀಗೆ ಬರೆದಿಟ್ಟರೆ ಹೋಲಿಸಲು ತಳಪಾಯ ಸಿಗುತ್ತದೆ. ಪ್ರಚಾರ ಮುಗಿದ ಮೇಲೆ ಈ ಎಣಿಕೆಯನ್ನು ಹಿಂದಕ್ಕೆ ಹೋಗಿ ಮಾಡಲಾಗುವುದಿಲ್ಲ.

ವಿಧಾನ

ಎರಡು ದಾರಿ ಹಿಡಿದೆವು ಎಂದುಕೊಳ್ಳಿ. ಮೊದಲನೆಯದು ದಿನಪತ್ರಿಕೆಯೊಳಗೆ ಇಟ್ಟು ಹಂಚುವ ಪಾಂಪ್ಲೆಟ್, 2,000 ಪ್ರತಿ. ಅದರ ಮೂಲೆಯಲ್ಲಿ ಕೂಪನ್: ತಂದುಕೊಟ್ಟು ನಾಲ್ಕು ಬನ್ ಕೊಂಡರೆ ಒಂದು ಉಚಿತ. ಕೂಪನ್ ಇರುವುದು ಗಿರಾಕಿಯನ್ನು ಕರೆಯಲು ಮಾತ್ರವಲ್ಲ, ಪಾಂಪ್ಲೆಟ್ ನೋಡಿ ಬಂದವರನ್ನು ಎಣಿಸಲು ಕೂಡ.

ಎರಡನೆಯದು ವಾಟ್ಸ್ಆ್ಯಪ್. ಟ್ರೇ ಹೊರಬರುವ ಹೊತ್ತಿಗೆ "ಬಿಸಿ ಖಾರಾ ಬನ್ ಬಂತು" ಎಂದು ಒಂದು ಫೋಟೊ. ಇಲ್ಲಿ ಎರಡು ಮಿತಿ ತಿಳಿದಿರಬೇಕು. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನಷ್ಟೇ ಸೇರಿಸಬಹುದು. ಬೇಕರಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಆದ್ದರಿಂದ ಕೌಂಟರಿನಲ್ಲಿ "ನಂಬರ್ ಸೇವ್ ಮಾಡಿಕೊಳ್ಳಿ, ನಿಮ್ಮ ಹೆಸರು ಕಳಿಸಿ" ಎಂಬ ಬೋರ್ಡ್ ಬೇಕು. ಹೀಗೆ ಕೇಳಿ ಸೇರಿದವರಿಗಷ್ಟೇ ಕಳಿಸುವುದು ಮರ್ಯಾದೆಯೂ ಹೌದು.

ಸಂದೇಶವನ್ನು ದಿನವೂ ಕಳಿಸದೆ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಕಳಿಸಿದೆವು. ಮಂಗಳವಾರ, ಗುರುವಾರ ಸುಮ್ಮನಿದ್ದೆವು. ಹಿಂದಿನ ತಿಂಗಳು ಈ ಎರಡೂ ಗುಂಪಿನ ದಿನಗಳಲ್ಲಿ ಮಾರಾಟ ಸರಾಸರಿ 120ರ ಆಸುಪಾಸಿನಲ್ಲೇ ಇತ್ತು. ಈಗ ಇವುಗಳ ನಡುವೆ ವ್ಯತ್ಯಾಸ ಕಂಡರೆ ಅದನ್ನು ಸಂದೇಶದ ಲೆಕ್ಕಕ್ಕೆ ಹಾಕಬಹುದು.

ಅಂಕಿಗಳು

ಪ್ರಚಾರಕ್ಕೆ ಮುಂಚಿನ 20 ದಿನಗಳಲ್ಲಿ 2,400 ಬನ್, ಪ್ರಚಾರದ 20 ದಿನಗಳಲ್ಲಿ 3,240. ಉಚಿತವಾಗಿ ಕೊಟ್ಟವು ಇದರಲ್ಲಿ ಸೇರಿಲ್ಲ. ಹೆಚ್ಚಿದ್ದು 840, ಅಂದರೆ ಶೇ. 35. ಬಹಳ ಪೋರ್ಟ್‌ಫೋಲಿಯೊಗಳು ಈ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಹಾಕಿ ಮುಗಿಸಿಬಿಡುತ್ತವೆ. ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ.

ಪ್ರಚಾರ ನಡೆದದ್ದು ಜೂನ್‌ನಲ್ಲಿ. ಮಳೆ ಹಿಡಿದ ಸಂಜೆ ಬಿಸಿ ತಿಂಡಿಗೆ ಜನ ತಾವಾಗಿಯೇ ಬರುತ್ತಾರೆ. ಆ ಪಾಲನ್ನು ಅಳೆಯಲು ಪ್ರಚಾರ ಮಾಡದ ಇನ್ನೊಂದು ಬಿಸಿ ತಿಂಡಿಯನ್ನು, ಪಫ್ಸನ್ನು, ಅದೇ ಪುಸ್ತಕದಲ್ಲಿ ಎಣಿಸಿದ್ದೆವು. ಅದು ಶೇ. 5ರಷ್ಟು ಹೆಚ್ಚಿತ್ತು. ಬನ್ನಿಗೂ ಅಷ್ಟೇ ಎಂದು ಹಿಡಿದರೆ 2,400ರ ಶೇ. 5, ಅಂದರೆ 120 ಬನ್ ಮಳೆಯ ಪಾಲು. ಪ್ರಚಾರಕ್ಕೆ ಉಳಿದದ್ದು 720. ಪಫ್ಸ್ ಮಾರಾಟ ಇಳಿದಿಲ್ಲವಾದ್ದರಿಂದ, ಪಫ್ಸ್ ಬಿಟ್ಟು ಬನ್ನಿಗೆ ಬಂದವರು ಹೆಚ್ಚು ಇರಲಾರರು ಎಂಬುದೂ ಇದೇ ಎಣಿಕೆಯಿಂದ ತಿಳಿಯುತ್ತದೆ.

ಇನ್ನು ದುಡ್ಡಿನ ಮಾತು. ಬನ್ನಿನ ಬೆಲೆ 15 ರೂಪಾಯಿ. ಮೈದಾ, ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ, ಪೊಟ್ಟಣ ಎಲ್ಲ ಸೇರಿ ತಗಲುವುದು 7, ಕೈಗೆ ಉಳಿಯುವುದು 8. ಬಾಡಿಗೆ, ಸಂಬಳ ಹೇಗೂ ಕೊಡಬೇಕಾದವು. ಈ ಬನ್‌ಗಳಿಂದ ಅವು ಹೆಚ್ಚುವುದಿಲ್ಲವಾದ್ದರಿಂದ ಇಲ್ಲಿ ಸೇರಿಸಬೇಕಿಲ್ಲ. 720 ಬನ್‌ಗೆ 5,760 ರೂಪಾಯಿ ಬಂತು. ಪಾಂಪ್ಲೆಟ್ ಅಚ್ಚಿಗೆ 2,500, ಪೇಪರ್ ಏಜೆಂಟರಿಗೆ 1,000, ವಾಪಸು ಬಂದ 90 ಕೂಪನ್‌ಗಳ ಉಚಿತ ಬನ್‌ಗೆ 630, ಒಟ್ಟು ಖರ್ಚು 4,130. ನಿಜವಾಗಿ ಉಳಿದದ್ದು 1,630 ರೂಪಾಯಿ.

ಎರಡು ದಾರಿಗಳನ್ನು ಬೇರೆ ಮಾಡಿದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. ಸಂದೇಶ ಕಳಿಸಿದ 12 ದಿನಗಳ ಸರಾಸರಿ 172 ಬನ್, ಕಳಿಸದ 8 ದಿನಗಳದ್ದು 147. ದಿನಕ್ಕೆ 25ರಂತೆ ವಾಟ್ಸ್ಆ್ಯಪ್ ತಂದದ್ದು 300 ಬನ್, 2,400 ರೂಪಾಯಿ. ಅದಕ್ಕೆ ಕೈಯಿಂದ ದುಡ್ಡು ಹೋಗಲಿಲ್ಲ. ಉಳಿದ 420 ಬನ್ ಪಾಂಪ್ಲೆಟ್ಟಿನದು ಎಂದರೂ ಬಂದದ್ದು 3,360, ಹೋದದ್ದು 4,130. ಆ ತಿಂಗಳ ಮಟ್ಟಿಗೆ ಪಾಂಪ್ಲೆಟ್ಟಿನಿಂದ 770 ರೂಪಾಯಿ ನಷ್ಟ.

ಆದರೆ ಈ ವಿಂಗಡಣೆ ಪೂರ್ತಿ ಶುದ್ಧವಲ್ಲ. ಬೇಕರಿಯ ವಾಟ್ಸ್ಆ್ಯಪ್ ನಂಬರ್ ಪಾಂಪ್ಲೆಟ್ಟಿನಲ್ಲೂ ಇತ್ತು. 60 ಜನರಿದ್ದ ಪಟ್ಟಿ 210ಕ್ಕೆ ಬೆಳೆದದ್ದರಲ್ಲಿ ಅದರ ಪಾಲು ಎಷ್ಟು ಎಂದು ನಾವು ಕೇಳಿ ಬರೆದುಕೊಂಡಿರಲಿಲ್ಲ. ಈ ವಾಕ್ಯವೂ ಪುಟದಲ್ಲಿ ಇರಬೇಕು. ತನ್ನ ಅಂಕಿಗಳ ಮಿತಿಯನ್ನು ತಾನೇ ಹೇಳುವವರ ಉಳಿದ ಅಂಕಿಗಳನ್ನು ಓದುಗ ನಂಬುತ್ತಾನೆ.

ಪಾಠ

"ಸಾಮಾಜಿಕ ಜಾಲತಾಣ ಬಹಳ ಪರಿಣಾಮಕಾರಿ" ಎಂಬುದು ಪಾಠವಲ್ಲ, ಪ್ರಚಾರ ಮಾಡದೆಯೂ ಅದನ್ನು ಬರೆಯಬಹುದು. ಅಂಕಿಗಳಿಂದ ಹೊರಟು ಮುಂದಿನ ತೀರ್ಮಾನಕ್ಕೆ ಮುಟ್ಟಿಸುವುದು ಪಾಠ. ಇಲ್ಲಿ ಅಂಥವು ಎರಡು. ಮುಂದಿನ ತಿಂಗಳು ಪಾಂಪ್ಲೆಟ್ ಬಿಟ್ಟು ಕೌಂಟರಿನ ಬೋರ್ಡಿನಿಂದಲೇ ಪಟ್ಟಿ ಬೆಳೆಸುವುದು. ಹೊಸದಾಗಿ ಸೇರುವವರನ್ನೆಲ್ಲ "ನಮ್ಮ ನಂಬರ್ ಎಲ್ಲಿ ನೋಡಿದಿರಿ" ಎಂದು ಕೇಳಿ ಬರೆದಿಡುವುದು.

ಪುಟ ಮುಗಿಸುವ ಮುನ್ನ ಮಾಲೀಕರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು, ಏಕೆಂದರೆ ಇದು ಅವರ ವ್ಯಾಪಾರದ ಗುಟ್ಟು. ಒಪ್ಪದಿದ್ದರೆ ಬೇಕರಿಯ ಹೆಸರು ತೆಗೆದು, ರೂಪಾಯಿಯ ಬದಲು ಶೇಕಡಾವಾರು ಹಾಕಬಹುದು. ತಂಡದಲ್ಲಿ ಮಾಡಿದ ಕೆಲಸವಾದರೆ ಬನ್ ಎಣಿಸಿದವರು ಯಾರು, ಪಾಂಪ್ಲೆಟ್ ಬರೆದವರು ಯಾರು ಎಂದು ಬೇರೆ ಬೇರೆಯಾಗಿ ನಮೂದಿಸಬೇಕು. ಶೇ. 35 ಎಂದು ಬರೆದವರನ್ನು "ಅದರಲ್ಲಿ ಮಳೆಯ ಪಾಲೆಷ್ಟು?" ಎಂದು ಸಂದರ್ಶಕರು ಕೇಳಿಯೇ ಕೇಳುತ್ತಾರೆ. 1,630 ರೂಪಾಯಿ ಎಂದು ಬರೆದವರ ಬಳಿ ಆ ಪ್ರಶ್ನೆಗೆ ಉತ್ತರ ಪುಟದಲ್ಲೇ ಇರುತ್ತದೆ.